ದೊಡ್ಡಿ ಎಕ್ಸ್‌ಪ್ರೆಸ್ ನಿಂತ ದಿನ

ತಮ್ಮನ ಮಾತು ತೊದಲುತ್ತಿದೆ ಎಂದು ಚಂದನಳಿಗೆ ಮೊದಲು ಅನ್ನಿಸಿದ್ದು ಶನಿವಾರ ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ. ಮಳವಳ್ಳಿ ಬಸ್ ನಿಲ್ದಾಣದ ಎದುರಿನ ಮೆಡಿಕಲ್ ಸ್ಟೋರಿನಲ್ಲಿ ಅವಳು ಆರು ವರ್ಷದಿಂದ ಕೆಲಸಕ್ಕಿದ್ದಳು. ಅವತ್ತು ಮಾಲೀಕರು ಮಂಡ್ಯಕ್ಕೆ ಹೋಗಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನನ್ನು ಗಲ್ಲಾಪೆಟ್ಟಿಗೆಗೆ ಒರಗಿಸಿಟ್ಟು ಗಗನನ ಲೈವ್ ನೋಡುತ್ತಿದ್ದಳು.

ಪರದೆಯ ತುಂಬ ಕೆಂಪು ಬಸ್ಸು ಓಡುವ ಆಟ. ಬಲಗಡೆ ಮೂಲೆಯ ಚೌಕದಲ್ಲಿ ಗಗನನ ಮುಖ, ಭುಜ, ಮೇಜಿನ ಒಂದು ತುದಿ. ಅವನು ಬಸ್ಸು ಓಡಿಸುತ್ತ ಕಂಡಕ್ಟರನ ಹಾಗೆ ಮಾತಾಡುತ್ತಿದ್ದ. ಚಾನೆಲ್ಲಿನ ಹೆಸರು ದೊಡ್ಡಿ ಎಕ್ಸ್‌ಪ್ರೆಸ್. ನೋಡುವವರಿಗೆ ಅವನು ಪ್ಯಾಸೆಂಜರ್ ಅನ್ನುತ್ತಿದ್ದ. ತಿಂಗಳಿಗೆ ಐವತ್ತೊಂಬತ್ತು ರೂಪಾಯಿ ಕೊಟ್ಟು ಮೆಂಬರ್ ಆದವರು ಪಾಸ್ ಹೋಲ್ಡರ್. ಆ ಮಾತಿಗೇ ಜನ ಬರುತ್ತಿದ್ದುದು.

"ಮುಂದಿನ ಸ್ಟಾಪು... ಮುಂದಿನ..." ಅಂದ ಗಗನ. ಹೆಸರು ಬರಲಿಲ್ಲ. ಬಸ್ಸು ನಿಧಾನವಾಗಿ ರಸ್ತೆ ಬಿಟ್ಟು ಗದ್ದೆಗಿಳಿದು ನಿಂತಿತು. ಪಕ್ಕದ ಚಾಟಿನಲ್ಲಿ ನಗುವ ಮುಖಗಳು ಸಾಲು ಸಾಲಾಗಿ ಹರಿದವು. ಡ್ರೈವರ್‌ಗೆ ನಿದ್ದೆ ಬಂತು ಎಂದು ಯಾರೋ ಬರೆದರು.

ನಿದ್ದೆ ಬರುವುದೇನೂ ಆಶ್ಚರ್ಯವಲ್ಲ. ಹಿಂದಿನ ದಿನ ಬೆಳಿಗ್ಗೆ ಆರು ಗಂಟೆಗೆ ಕೂತವನು ಇನ್ನೂ ಎದ್ದಿರಲಿಲ್ಲ. ಆದರೆ ಚಂದನ ನೋಡುತ್ತಿದ್ದುದು ಅವನ ಹಣೆಯನ್ನು. ಫ್ಯಾನು ತಿರುಗುತ್ತಿದ್ದರೂ ಹಣೆಯ ಮೇಲೆ ಬೆವರು ಹನಿ ಹನಿಯಾಗಿ ನಿಂತಿತ್ತು.

ಗಗನನಿಗೆ ಹನ್ನೊಂದನೇ ವಯಸ್ಸಿನಿಂದ ಶುಗರ್. ಮಾತ್ರೆಯಲ್ಲಿ ಹೋಗುವಂಥದ್ದಲ್ಲ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು. ಉಣ್ಣದಿದ್ದರೆ ರಕ್ತದಲ್ಲಿನ ಸಕ್ಕರೆ ಇಳಿಯುತ್ತ ಹೋಗಿ, ಮಾತು ತಪ್ಪಿ, ಬೆವರಿ, ಕೊನೆಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಅವನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಒಮ್ಮೆ ಹಾಗಾಗಿದ್ದನ್ನು ಚಂದನ ಕಣ್ಣಾರೆ ನೋಡಿದ್ದಳು. ಅವನ ಇನ್ಸುಲಿನ್ ಹೋಗುತ್ತಿದ್ದುದೂ ಇದೇ ಅಂಗಡಿಯ ಫ್ರಿಜ್ಜಿನಿಂದ.

ಅವಳು ಫೋನನ್ನು ಕೈಗೆತ್ತಿಕೊಂಡು ಚೌಕವನ್ನು ಹಿಗ್ಗಿಸಿ ನೋಡಿದಳು. ಮೇಜಿನ ತುದಿಯಲ್ಲಿ ಪೇಪರಿನ ಪೊಟ್ಟಣವೊಂದಿತ್ತು. ಬೆಳಿಗ್ಗೆ ಹೋಟೆಲಿನಿಂದ ತರಿಸಿಕೊಂಡ ಇಡ್ಲಿ. ಅದರ ದಾರ ಕಟ್ಟಿದ್ದ ಹಾಗೇ ಇತ್ತು.

ಹತ್ತು ಗಂಟೆಗೆ ಹತ್ತು ನಿಮಿಷವಿದ್ದಾಗ ಅವನು "ಐದೇ ನಿಮ್ಸ, ಟಿಫನ್ ಮಾಡ್ಕಂಡ್ ಬತ್ತೀನಿ" ಎಂದು ಹೇಳಿ ಬೆನ್ನು ತಿರುಗಿಸಿ ಸೂಜಿ ಚುಚ್ಚಿಕೊಂಡಿದ್ದನ್ನು ಅವಳು ಗಮನಿಸಿದ್ದಳು. ಕಾಯಿಲೆಯ ವಿಷಯ ಅವನು ಲೈವಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಅಂಗಡಿಗೆ ಗಿರಾಕಿಗಳು ಬಂದರು, ಅವಳು ಚೀಟಿ ನೋಡಿ ಔಷಧಿ ಕೊಡುವುದರಲ್ಲಿ ಮುಳುಗಿದಳು. ಆ ಹೊತ್ತಿನಲ್ಲೇ ಬೆಂಗಳೂರಿನ ದೊಡ್ಡ ಚಾನೆಲ್ಲಿನವನೊಬ್ಬ ತನ್ನ ಲೈವ್ ಮುಗಿಸುತ್ತ, ಇಪ್ಪತ್ತೆಂಟು ಗಂಟೆಯಿಂದ ಬಸ್ಸು ಓಡಿಸುತ್ತಿರುವ ಹುಡುಗನನ್ನು ನೋಡಿ ಬನ್ನಿ ಎಂದು ತನ್ನ ಜನರನ್ನೆಲ್ಲ ಗಗನನ ಕಡೆಗೆ ಕಳುಹಿಸಿದ್ದ. ಇಪ್ಪತ್ತು ಮೆಂಬರ್‌ಶಿಪ್ಪನ್ನು ತಾನೇ ಕೊಂಡು ಅಲ್ಲಿದ್ದವರಿಗೆ ಗಿಫ್ಟಾಗಿ ಹಂಚಿದ್ದ. ಹತ್ತು ಹನ್ನೆರಡು ಜನ ನೋಡುತ್ತಿದ್ದ ಕಡೆ ಒಂದೇ ಸಲ ಆರು ನೂರು ಜನ. ಗಗನ ಇಡ್ಲಿ ಬಿಟ್ಟು ಆಟದ ಸ್ಟೇರಿಂಗ್ ಹಿಡಿದಿದ್ದ.

ಅವನು ಯಾಕೆ ಹಾಗೆ ಮಾಡಿದ ಎಂಬುದು ಚಂದನಳಿಗೆ ಅರ್ಥವಾಗದ್ದೇನಲ್ಲ.

ಬಿ.ಕಾಂ ಮುಗಿಸಿದ ಮೇಲೆ ಗಗನ ಬೆಳಕವಾಡಿಯ ಮನೆಯಲ್ಲಿ ಕರೆಂಟು, ಇಂಟರ್‌ನೆಟ್ಟು ಸರಿಯಿಲ್ಲವೆಂದು ಭಾರತೀನಗರದಲ್ಲಿ, ಜನರ ಬಾಯಲ್ಲಿ ದೊಡ್ಡಿಯಲ್ಲಿ, ರೂಮು ಮಾಡಿದ್ದ. ಬೆಳಿಗ್ಗೆ ಒಂದು ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ, ಸಂಜೆ ನಾಲ್ಕು ಗಂಟೆ ಲೈವ್. ಕಷ್ಟ ಇದ್ದದ್ದು ಗಂಟೆಗಳ ಲೆಕ್ಕದಲ್ಲಿ. ಜನ ದುಡ್ಡು ಕೊಡುವ ಬಟನ್ನು ತೆರೆಯಬೇಕಾದರೆ ಐದು ನೂರು ಸಬ್‌ಸ್ಕ್ರೈಬರ್‌ಗಳಿರಬೇಕು, ಹಿಂದಿನ ಒಂದು ವರ್ಷದಲ್ಲಿ ಜನ ಒಟ್ಟು ಮೂರು ಸಾವಿರ ಗಂಟೆ ನೋಡಿರಬೇಕು. ನಾಲ್ಕು ಗಂಟೆ ಗಂಟಲು ಹರಿದುಕೊಂಡರೂ ನೋಡುವವರು ಮೂರೇ ಜನವಾದರೆ ಅವತ್ತಿನ ಲೆಕ್ಕ ಹನ್ನೆರಡೇ ಗಂಟೆ. ಮೂರು ಸಾವಿರ ಮುಟ್ಟಲು ಹತ್ತು ತಿಂಗಳು ಹಿಡಿದಿತ್ತು. ಆಮೇಲಿನ ಎರಡು ತಿಂಗಳಲ್ಲಿ ಪಾಸು, ಜನ ದುಡ್ಡು ಕಟ್ಟಿ ಕಳಿಸುವ ಸೂಪರ್ ಚಾಟು ಎಲ್ಲ ಸೇರಿ, ಕಂಪನಿ ತನ್ನ ನೂರಕ್ಕೆ ಮೂವತ್ತನ್ನು ಹಿಡಿದುಕೊಂಡ ಮೇಲೆ, ನಾಲ್ಕು ಸಾವಿರದ ಒಂಬೈನೂರು ರೂಪಾಯಿ. ಅದೂ ಕೈಗೆ ಬಂದಿರಲಿಲ್ಲ. ನೂರು ಡಾಲರ್ ತುಂಬುವ ತನಕ ಅದು ಖಾತೆಗೆ ಬೀಳುವುದಿಲ್ಲ. ಇನ್ನು ಜಾಹೀರಾತಿನ ದುಡ್ಡು ಬರಬೇಕಾದರೆ ನಾಲ್ಕು ಸಾವಿರ ಗಂಟೆ ಬೇಕು.

ಅಪ್ಪ ಕರಿಯಪ್ಪ ಒಂದು ಭಾನುವಾರ ಇದನ್ನೆಲ್ಲ ಕೇಳಿಸಿಕೊಂಡು, ಜಗಲಿಯ ಮೇಲೆ ಕೂತು ಬೆರಳು ಮಡಿಸಿ ಲೆಕ್ಕ ಹಾಕಿದ್ದರು.

"ಗಂಟ್ಗೆ ನಾಕ್ ರೂಪಾಯಿ ಬಿದ್ದದೆ ಕಣ್ಲಾ. ಒಂದ್ ವರ್ಸ ನೋಡಿದ್ದಾಯ್ತು. ಈ ತಿಂಗ್ಳು ನೋಡು. ಆಗ್ನಿಲ್ವಾ, ಆ ಕಂಪ್ಯೂಟ್ರು ಪೆಟ್ಗೆ ಮಾರ್‌ಬುಟ್ಟು ಸಕ್ರೆ ಫ್ಯಾಕ್ಟ್ರಿಗೆ ಅರ್ಜಿ ಹಾಕು."

ಅವರು ಸಿಟ್ಟಿನಿಂದ ಹೇಳಿರಲಿಲ್ಲ. ಅದಕ್ಕೇ ಗಗನ ಎದುರು ಮಾತಾಡಲಿಲ್ಲ. ತಿಂಗಳ ಕೊನೆಯ ವಾರ ಈ ಮ್ಯಾರಥಾನ್ ಹಚ್ಚಿಕೊಂಡ. ಪರದೆಯ ಮೇಲೆ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. ಒಬ್ಬರು ಪಾಸು ಕೊಂಡರೆ ಅದಕ್ಕೆ ಹತ್ತು ನಿಮಿಷ ಸೇರುತ್ತದೆ, ನೂರು ರೂಪಾಯಿಯ ಸೂಪರ್ ಚಾಟಿಗೆ ಐದು ನಿಮಿಷ. ಗಡಿಯಾರ ಸೊನ್ನೆಗೆ ಬರುವ ತನಕ ಬಸ್ಸು ನಿಲ್ಲಿಸುವಂತಿಲ್ಲ. ಹನ್ನೆರಡು ಗಂಟೆ ಮೀರಿದ ಲೈವು ವಿಡಿಯೋ ಆಗಿ ಉಳಿಯುವುದಿಲ್ಲವಾದ್ದರಿಂದ ಹನ್ನೊಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಹೊಸದಾಗಿ ಶುರು ಮಾಡುತ್ತಿದ್ದ. ನಡುವೆ ಹತ್ತು ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಜನ ಇಳಿದು ಹೋಗುತ್ತಾರೆ ಎಂಬ ಹೆದರಿಕೆ ಅವನಿಗೆ. ಈಗ ಓಡುತ್ತಿದ್ದದ್ದು ಮೂರನೆಯದು.

ಚಂದನ ಅವನ ನಂಬರಿಗೆ ಫೋನು ಮಾಡಿದಳು. ಸ್ವಿಚ್ ಆಫ್ ಎಂದು ಬಂತು. ಆಗ ನೆನಪಾಯಿತು, ಮುಖ ತೋರಿಸುವ ಕ್ಯಾಮರಾ ಅವನ ಫೋನೇ. ಕರೆ ಬಂದರೆ ಚಿತ್ರ ನಿಲ್ಲುತ್ತದೆಂದು ಅದನ್ನು ಏರೋಪ್ಲೇನ್ ಮೋಡಿನಲ್ಲಿ ಇಟ್ಟಿರುತ್ತಿದ್ದ. ರೂಮಿನ ಕೆಳಗೆ ರಾಗಿ ಮಿಲ್ಲು, ಅದರ ಮಾಲೀಕ ಶಿವಯ್ಯನವರೇ ಮನೆಯೊಡೆಯರು. ಅವರಿಗೆ ಎರಡು ಸಲ ಮಾಡಿದಳು. ರಿಂಗಾಗಿ ನಿಂತಿತು. ಮಿಲ್ಲು ಓಡುತ್ತಿದ್ದರೆ ಅವರಿಗೆ ಏನೂ ಕೇಳಿಸುವುದಿಲ್ಲ.

ಗಗನನ ತಲೆ ಎದೆಯ ಕಡೆಗೆ ಬಾಗಿತು. ಒಮ್ಮೆ ಎತ್ತಿದ. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಬಲಗಡೆಗೆ ವಾಲಿ ಕುರ್ಚಿಯ ಕೈಗೆ ಒರಗಿದ. ಬೆರಳುಗಳು ಸ್ಟೇರಿಂಗಿನಿಂದ ಜಾರಿದವು.

ಚಂದನ ಫ್ರಿಜ್ಜಿನ ಪಕ್ಕದ ಹಲಗೆಯಿಂದ ಗ್ಲೂಕೋಸ್ ಪೊಟ್ಟಣ, ಒಂದು ಜೇನುತುಪ್ಪದ ಬಾಟಲಿ ಬ್ಯಾಗಿಗೆ ಹಾಕಿಕೊಂಡಳು. ಶಟರ್ ಎಳೆದಳು, ಬೀಗ ಹಾಕಿದಳೋ ಇಲ್ಲವೋ ಆಮೇಲೆ ನೆನಪಾಗಲಿಲ್ಲ. ಎದುರಿಗೆ ಮದ್ದೂರಿನ ಬಸ್ಸು ಹೊರಡುತ್ತಿತ್ತು. ಭಾರತೀನಗರದ ಮೇಲೇ ಹೋಗುವ ಬಸ್ಸು. ಓಡಿ ಹತ್ತಿದಳು.

ಹತ್ತಿದವಳೇ ನೂರೆಂಟಕ್ಕೆ ಮಾಡಿದಳು. ಆ ಕಡೆಯ ಹೆಂಗಸು ಸಮಾಧಾನದಿಂದ ವಿಳಾಸ ಕೇಳಿದಳು. ಚಂದನಳಿಗೆ ರಸ್ತೆಯ ಹೆಸರು ಗೊತ್ತಿರಲಿಲ್ಲ. ಶಿವಯ್ಯನವರ ರಾಗಿ ಮಿಲ್ಲು, ಮಹಡಿ ಮೇಲೆ, ಲೈವ್ ಮಾಡುವಾಗ ಬಾಗಿಲು ಒಳಗಿಂದ ಹಾಕಿರುತ್ತಾನೆ ಎಂದಳು. ಆಂಬುಲೆನ್ಸ್ ಬರಲು ಇಪ್ಪತ್ತು ಇಪ್ಪತ್ತೈದು ನಿಮಿಷ ಆಗಬಹುದು ಅಂದಳು ಆ ಹೆಂಗಸು.

ಕಂಡಕ್ಟರು ಬಂದು ನಿಂತ. "ಆಧಾರ್ ತೋರ್ಸಮ್ಮ."

"ಫೋನ್ನಲ್ಲೈತೆ. ಒಂದ್ ನಿಮಿಷ ಅಣ್ಣ."

"ಎಲ್ರೂ ಇಂಗೇ ಅಂತೀರ."

ಅವಳು ಬ್ಯಾಗಿನಿಂದ ಐವತ್ತರ ನೋಟು ತೆಗೆದು ಅವನ ಕೈಗೆ ತುರುಕಿದಳು. ಅವನು ಅವಳ ಮುಖ ನೋಡಿ, ನೋಟು ವಾಪಸ್ಸು ಕೊಟ್ಟು, ಫ್ರೀ ಟಿಕೆಟ್ ಹರಿದು ಕೊಟ್ಟ.

ಲೈವ್ ತೆರೆದಾಗ ನೋಡುತ್ತಿರುವವರ ಸಂಖ್ಯೆ ಎಂಟು ನೂರ ನಲವತ್ತು. ಗಗನ ಹಾಗೇ ಒರಗಿದ್ದ. ಬಾಯಿ ಅರ್ಧ ತೆರೆದಿತ್ತು. ಅವಳು ಚಾಟಿನಲ್ಲಿ ಬರೆದಳು: ಅವನು ಮಲಗಿಲ್ಲ, ಹುಷಾರಿಲ್ಲ, ದೊಡ್ಡಿಯಲ್ಲಿರುವವರು ಯಾರಾದರೂ ಹೋಗಿ. ಕಳಿಸಿದ ಕ್ಷಣದಲ್ಲೇ ಬೇರೆ ಸಾಲುಗಳ ತಳ್ಳಾಟಕ್ಕೆ ಅವಳ ಸಾಲು ಮೇಲಕ್ಕೆ ಸರಿದು ಕಾಣೆಯಾಯಿತು. ಮತ್ತೆ ಬರೆದಳು. ಅದೂ ಹೋಯಿತು.

ಆಗ ಬಸ್ಸಿನ ಹಾರನ್ ಕೇಳಿಸಿತು. ಅವಳು ಕೂತಿದ್ದ ಬಸ್ಸಿನದಲ್ಲ, ಫೋನಿನ ಒಳಗಿನದು. ಯಾರಾದರೂ ಸೂಪರ್ ಚಾಟ್ ಹಾಕಿದರೆ ರೂಮಿನ ಸ್ಪೀಕರಿನಲ್ಲಿ ಉದ್ದನೆಯ ಏರ್ ಹಾರನ್ ಮೊಳಗುವ ಹಾಗೆ ಗಗನ ಜೋಡಿಸಿದ್ದ. ಚಾಟಿನವರಿಗೆ ಅದು ಗೊತ್ತಾಗಿಹೋಗಿತ್ತು. ಡ್ರೈವರನ್ನು ಎಬ್ಬಿಸೋಣ ಬನ್ನಿ ಎಂದು ಒಬ್ಬ ನಲವತ್ತು ರೂಪಾಯಿ ಹಾಕಿದ. ಹಾರನ್. ಗಗನ ಅಲುಗಲಿಲ್ಲ. ಇನ್ನೊಬ್ಬ ನೂರು ಹಾಕಿದ. ಹಾರನ್. ಗಡಿಯಾರಕ್ಕೆ ಐದು ನಿಮಿಷ ಸೇರಿತು. ಇನ್ನೂರು. ಹಾರನ್. ಹತ್ತು ನಿಮಿಷ. ಎದ್ದೇಳುವವರೆಗೂ ಹಾಕ್ತೀನಿ ಎಂದು ಒಬ್ಬ ಪಣ ತೊಟ್ಟ. ಏಳು ಗಂಟೆ ಹನ್ನೆರಡು ನಿಮಿಷ ಇದ್ದ ಗಡಿಯಾರ ನೋಡನೋಡುತ್ತ ಎಂಟು ಗಂಟೆ ದಾಟಿತು. ಅದರ ಕೆಳಗೆ ಅವಳ ತಮ್ಮನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಇಷ್ಟು ಜನ ಅವನನ್ನೇ ನೋಡುತ್ತಿದ್ದಾರೆ, ಅವನಿಗೆ ದುಡ್ಡು ಕೊಡುತ್ತಿದ್ದಾರೆ, ಅವನು ಸಾಯುತ್ತಿರುವುದು ಯಾರಿಗೂ ಕಾಣುತ್ತಿಲ್ಲ.

ಕಾಣುವ ಹಾಗೆ ಮಾಡಲು ಒಂದೇ ದಾರಿ ಇತ್ತು. ದುಡ್ಡು ಕೊಟ್ಟವರ ಮಾತು ಬಣ್ಣದ ಪಟ್ಟಿಯಲ್ಲಿ ಮೇಲೆ ನಿಲ್ಲುತ್ತದೆ, ಹೆಚ್ಚು ಕೊಟ್ಟಷ್ಟೂ ಹೆಚ್ಚು ಹೊತ್ತು. ಅವಳು ಐದು ನೂರು ರೂಪಾಯಿ ಒತ್ತಿ ಬರೆದಳು. "ನಾನು ಗಗನನ ಅಕ್ಕ. ಇದು ನಿದ್ದೆಯಲ್ಲ, ಶುಗರ್ ಲೋ ಆಗಿದೆ. ಭಾರತೀನಗರ ಶಿವಯ್ಯನವರ ರಾಗಿ ಮಿಲ್ ಮೇಲಿನ ರೂಮು. ಬಾಗಿಲು ಒಡೆಯಿರಿ." ಕೊನೆಯಲ್ಲಿ ತನ್ನ ನಂಬರು ಸೇರಿಸಿದಳು. ಗುರುತಿಲ್ಲದ ಸಾವಿರ ಜನಕ್ಕೆ ತಮ್ಮನ ಕಾಯಿಲೆ, ಅವನ ಬಾಗಿಲು, ತನ್ನ ನಂಬರು ಎಲ್ಲ ಕೊಡುತ್ತಿದ್ದೇನೆ ಎಂದು ಒಂದು ಗಳಿಗೆ ಬೆರಳು ತಡೆಯಿತು. ಆಮೇಲೆ ಒತ್ತಿದಳು.

ಪಾವತಿ ಆಗಲಿಲ್ಲ. ಸುತ್ತುವ ಚಕ್ರ ಸುತ್ತುತ್ತಲೇ ಇತ್ತು. ಮತ್ತೆ ಒತ್ತಿ ಪಿನ್ ಹಾಕಿದಳು. ಈ ಸಲ ಹೋಯಿತು. ರೂಮಿನಲ್ಲಿ ಹಾರನ್ ಮೊಳಗಿತು. ಗಡಿಯಾರಕ್ಕೆ ಇಪ್ಪತ್ತೈದು ನಿಮಿಷ ಸೇರಿತು.

ಚಾಟ್ ಒಂದು ಕ್ಷಣ ತಡೆದ ಹಾಗಾಯಿತು. ಆಮೇಲೆ ಒಬ್ಬ ಬರೆದ: ಸ್ಕ್ರಿಪ್ಟ್ ಚೆನ್ನಾಗಿದೆ. ಇನ್ನೊಬ್ಬ: ಅಕ್ಕ ಕೂಡ ಆ್ಯಕ್ಟಿಂಗ್. ಮತ್ತೊಬ್ಬ: ನಿಜ ಇದ್ದರೂ ಇರಬಹುದು ಕಣ್ರೋ, ಮುಖ ನೋಡಿ.

ಅವಳ ಫೋನು ರಿಂಗಾಯಿತು. "ಅಲೋ," ಎಂದಳು. ಆ ಕಡೆ ಇಬ್ಬರು ಹುಡುಗರು ನಕ್ಕು ಇಟ್ಟರು. ಮತ್ತೆ ರಿಂಗು. ಈ ಸಲ ಯಾರೋ ಮಾತಾಡದೆ ಉಸಿರಾಡುತ್ತಿದ್ದರು. ಮೂರನೆಯವನು, "ಇದು ರಿಯಲ್ಲಾ ಮೇಡಂ?" ಎಂದು ಕೇಳಿದ. ಹೌದು ಎಂದು ಕಟ್ ಮಾಡುವಷ್ಟರಲ್ಲಿ ನಾಲ್ಕನೆಯದು ಕಾಯುತ್ತಿತ್ತು. ಸಹಾಯ ಮಾಡುವವನು ಇವರ ಹಿಂದೆ ಸಾಲಿನಲ್ಲಿ ಸಿಕ್ಕಿಬಿದ್ದಿದ್ದರೆ ಎಂದು ಅವಳು ಎಲ್ಲವನ್ನೂ ಎತ್ತಿದಳು. ಆರನೆಯ ಕರೆಯಲ್ಲಿ ಬೈಕಿನ ಸದ್ದು ಕೇಳಿಸಿತು.

"ಅಕ್ಕ, ನಾನು ಅಪ್ಪು ಅಂತ. ಗಗನನ ಚಾನೆಲ್ಲಿನ ಮಾಡರೇಟ್ರು. ದೊಡ್ಡಿ ಸಕ್ಕರೆ ಫ್ಯಾಕ್ಟ್ರಿಲಿ ಕೆಲ್ಸ. ಈಗ್ ನೋಡ್ದೆ. ನಿಮ್ ನಂಬರು ಅಳಿಸ್‌ಬುಟ್ಟಿವ್ನಿ."

ಚಾಟಿನಲ್ಲಿ ಕೆಟ್ಟ ಮಾತು ತೆಗೆಯುವ, ಹೆಸರಿನ ಪಕ್ಕ ಸ್ಪ್ಯಾನರಿನ ಗುರುತಿರುವ ಅಪ್ಪುವನ್ನು ಚಂದನ ಮೊದಲ ದಿನದಿಂದ ಕಂಡಿದ್ದಳು. ಮೂರು ಜನ ನೋಡುತ್ತಿದ್ದ ಕಾಲದಲ್ಲಿ ಅವಳೊಬ್ಬಳು, ಅವನೊಬ್ಬ. ಗಗನನನ್ನು ಅವನು ಎದುರಿಗೆ ಒಮ್ಮೆಯೂ ನೋಡಿರಲಿಲ್ಲ.

"ಎಲ್ಲಿದೀರಪ್ಪ?"

"ಶಿವಯ್ಯನ ಮಿಲ್ಲು ಗೊತ್ತು. ಐದ್ ನಿಮ್ಸ."

"ಬಾಗ್ಲು ಒಳಗಿಂದ ಹಾಕವ್ನೆ. ಹಾರೆ ಏನಾರ ತಕಳಿ. ಕೇಳಿಸ್ಕಳಿ, ಬಾಯಿಗೆ ನೀರು ಕಾಫಿ ಏನೂ ಹುಯ್ಬೇಡಿ, ಉಸ್ರು ಕಟ್ಕತದೆ. ಪಕ್ಕಕ್ಕೆ ಮಲಗಿಸಿ. ಸಕ್ರೆ ಇಲ್ಲ ಜೇನ್ತುಪ್ಪ ಇದ್ರೆ ಬೆರಳಲ್ಲಿ ಒಸಡಿಗೆ ಒಸಿ ಒಸಿ ಸವರಿ. ಇನ್ಸುಲಿನ್ ಮಾತ್ರ ಮುಟ್ಟಬೇಡಿ."

"ಒಸಡಿಗೆ. ಆಯ್ತಕ್ಕ. ಫೋನ್ ಇಡ್ಬೇಡಿ, ಜೇಬಲ್ಲೇ ಇಟ್ಕತೀನಿ."

ಬಸ್ಸು ಕಬ್ಬಿನ ಗದ್ದೆಗಳ ನಡುವೆ ಓಡುತ್ತಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೈಲರ್ ಎಳೆದುಕೊಂಡು ರಸ್ತೆ ತುಂಬ ಹೋಗುತ್ತಿತ್ತು, ಬಸ್ಸಿಗೆ ಮುಂದೆ ಹೋಗಲು ಜಾಗವಿರಲಿಲ್ಲ. ಫೋನಿನಲ್ಲಿ ಗಾಳಿಯ ಸದ್ದು, ಬೈಕಿನ ಸದ್ದು. ಲೈವಿನಲ್ಲಿ ಅಲುಗದ ಗಗನ. ಅವನ ಎದೆ ಏರುತ್ತಿದೆಯೇ ಎಂದು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಅಷ್ಟು ಚಿಕ್ಕ ಚೌಕದಲ್ಲಿ ಅದು ಗೊತ್ತಾಗುವಂತಿರಲಿಲ್ಲ. ಸಾವಿರದ ನೂರು ಜನ ನೋಡುತ್ತಿದ್ದರು.

ಅಷ್ಟರಲ್ಲಿ ಚಿತ್ರ ನಿಂತಿತು. ಕರೆಯೂ ಕಟ್ಟಾಯಿತು. ಸಿಗ್ನಲ್ಲಿನ ಕಡ್ಡಿಗಳಿದ್ದ ಕಡೆ ಒಂದು ಅಡ್ಡಗೆರೆ.

ಅವಳು ಎದ್ದು ಡ್ರೈವರನ ಹತ್ತಿರ ಹೋದಳು. "ಅಣ್ಣ, ಒಸಿ ಬೇಗ ಓಡಿಸಿ. ನನ್ ತಮ್ಮ ಮಾತಾಡ್ತಾಯಿಲ್ಲ."

ಡ್ರೈವರು ತಿರುಗಿ ನೋಡಲಿಲ್ಲ. "ಕುಂತ್ಕಳಮ್ಮ, ಬೀಳ್ತೀಯ," ಅಂದ. ಆದರೆ ಮುಂದಿನ ತಿರುವಿನಲ್ಲಿ ಹಾರನ್ ಒತ್ತಿಕೊಂಡೇ ಟ್ರ್ಯಾಕ್ಟರನ್ನು ಹಿಂದೆ ಹಾಕಿದ. ಆ ಹಾರನ್ ಕೇಳಿ ಅವಳು ಕಿವಿ ಮುಚ್ಚಿಕೊಂಡಳು.

ಆರು ನಿಮಿಷ ಏನೂ ಗೊತ್ತಾಗಲಿಲ್ಲ. ಆ ಆರು ನಿಮಿಷದಲ್ಲಿ ಅವಳು ಅವ್ವನಿಗೆ ಏನು ಹೇಳಬೇಕು ಎಂದು ಯೋಚಿಸಿದಳು. ಮಂಗಳಮ್ಮ ಬೆಳಿಗ್ಗೆ ಫೋನಿನಲ್ಲಿ, "ಅವ್ನು ಉಂಡ್ನಾ ಕೇಳವ್ವ," ಎಂದಿದ್ದರು. "ಉಂಡಿರ್‍ತಾನೆ ಬುಡವ್ವ," ಎಂದು ಚಂದನ ಅಂದಿದ್ದಳು. ಕೇಳಿರಲಿಲ್ಲ.

ಊರಿನ ಹತ್ತಿರ ಬಂದಾಗ ಸಿಗ್ನಲ್ಲು ಬಂತು. ಮೊದಲು ಸದ್ದು ಬಂತು, ಚಿತ್ರ ಆಮೇಲೆ. ಮರ ಸೀಳುವ ಸದ್ದು. ಯಾರೋ "ಇನ್ನೊಂದ್ಸಲ ಮೀಟು" ಎನ್ನುತ್ತಿದ್ದರು. ಚಿತ್ರ ಬಂದಾಗ ಚೌಕದಲ್ಲಿ ಖಾಲಿ ಕುರ್ಚಿ ಇತ್ತು. ಕುರ್ಚಿಯ ಹಿಂದೆ ನೆಲದ ಕಡೆಗೆ ಬಗ್ಗಿದ ಎರಡು ಬೆನ್ನು. ಒಂದು ನೀಲಿ ಸಮವಸ್ತ್ರದ್ದು, ಒಂದು ರಾಗಿ ಹಿಟ್ಟು ಮೆತ್ತಿದ ಬನೀನಿನದು. ಚಾಟ್ ಪೂರ್ತಿ ನಿಂತುಹೋಗಿತ್ತು. ನೀಲಿ ಸಮವಸ್ತ್ರದವನು ಎದ್ದು ಕ್ಯಾಮರಾದ ಕಡೆಗೆ ಬಂದ. ತೆಳ್ಳಗಿನ, ಮೂವತ್ತರ ಆಸುಪಾಸಿನ ಮುಖ. ಕೈ ಚಾಚಿದ. ಲೈವ್ ಮುಗಿಯಿತು.

ಅವಳು ಬಸ್ಸಿಳಿದು ಓಡಿದಾಗ ಮಿಲ್ಲಿನ ಮುಂದೆ ಆಂಬುಲೆನ್ಸ್ ನಿಂತಿತ್ತು. ಗಗನ ಸ್ಟ್ರೆಚರಿನ ಮೇಲಿದ್ದ. ಕೈಗೆ ಸೂಜಿ ಹಾಕಿ ಗ್ಲೂಕೋಸು ಕೊಡುತ್ತಿದ್ದರು. ಬೆರಳು ಚುಚ್ಚಿ ನೋಡಿದಾಗ ಶುಗರ್ ಇಪ್ಪತ್ತೆಂಟಕ್ಕೆ ಇಳಿದಿತ್ತಂತೆ. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಎಂದು ನರ್ಸು ಹೇಳಹೊರಟವಳು ಚಂದನಳ ಮುಖ ನೋಡಿ ಮಾತು ಬಿಟ್ಟು ಗ್ಲೂಕೋಸಿನ ಬಾಟಲಿ ಎತ್ತಿ ಹಿಡಿದಳು. ಅಪ್ಪುವಿನ ಬೆರಳುಗಳಿಗೆ ಬೆಲ್ಲ ಮೆತ್ತಿಕೊಂಡಿತ್ತು. ಸಕ್ಕರೆ ಸಿಗದೆ ಶಿವಯ್ಯನವರ ಮನೆಯಿಂದ ಬೆಲ್ಲ ತಂದು ಅರೆದು ಸವರಿದ್ದ.

ಗಗನ ಕಣ್ಣು ಬಿಟ್ಟಾಗ ಮೊದಲು ಕೇಳಿದ್ದು, "ಎಷ್ಟ್ ಜನ ಅವ್ರೆ?" ಎಂದು. ಎಲ್ಲಿದ್ದೇನೆ ಎಂದು ಅವನಿಗೆ ಇನ್ನೂ ತಿಳಿದಿರಲಿಲ್ಲ.

"ನಾನಿವ್ನಿ ಕಣ್ಲಾ," ಅಂದಳು ಚಂದನ.

ಅವನು ಎರಡು ದಿನ ಆಸ್ಪತ್ರೆಯಲ್ಲಿದ್ದ. ಕರಿಯಪ್ಪ, ಮಂಗಳಮ್ಮ ಬಂದರು. ಅಪ್ಪ ಬೈಯಲಿಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಮಗನ ಕಾಲು ಒತ್ತುತ್ತಿದ್ದರು. ಒಂದು ಸಲ ಮಾತ್ರ, "ನಾನಂದಿದ್ಕೆ ಇಂಗ್ ಮಾಡ್ಕಂಡ್ಯಾ?" ಎಂದು ಕೇಳಿದರು. ಗಗನ ಗೋಡೆಯ ಕಡೆಗೆ ತಿರುಗಿಕೊಂಡ.

ಮೂರನೇ ದಿನ ಬೆಳಕವಾಡಿಯ ಮನೆಯಲ್ಲಿ ಅವನು ಅಕ್ಕನ ಫೋನಿನಲ್ಲಿ ತನ್ನ ಚಾನೆಲ್ಲಿನ ಲೆಕ್ಕ ತೆಗೆದು ನೋಡಿದ. ಒರಗಿ ಬಿದ್ದಿದ್ದ ಹೊತ್ತಿನಲ್ಲೇ ಇಪ್ಪತ್ತೊಂದು ಸಾವಿರ ರೂಪಾಯಿಯ ಸೂಪರ್ ಚಾಟು ಬಂದಿತ್ತು. ಕಂಪನಿಯ ಪಾಲು ಹೋಗಿ ಹದಿನಾಲ್ಕು ಸಾವಿರದ ಮೇಲೆ. ಒಂದು ವರ್ಷ ಮಾತಾಡಿ ಗಳಿಸಿದ್ದಕ್ಕೆ ಮೂರು ಪಟ್ಟು. ನೋಡಿದ ಗಂಟೆಗಳು ಮೂರು ಸಾವಿರದ ಐನೂರರ ಆಸುಪಾಸಿನಿಂದ ಏರಿ ಐದು ಸಾವಿರ ದಾಟಿದ್ದವು. ಜಾಹೀರಾತಿಗೆ ಬೇಕಾದ ನಾಲ್ಕು ಸಾವಿರ ಯಾವಾಗಲೋ ಹಿಂದೆ ಬಿದ್ದಿತ್ತು.

ಲೈವಿನ ವಿಡಿಯೋ ಚಾನೆಲ್ಲಿನಲ್ಲಿ ಹಾಗೇ ಉಳಿದಿತ್ತು. ಜನ ಅದನ್ನು ನೋಡುತ್ತಲೇ ಇದ್ದರು. ಗಂಟೆಗಳು ಇನ್ನೂ ಏರುತ್ತಿದ್ದವು.

"ಅದ್ನ ಅಳ್ಸು," ಅಂದಳು ಚಂದನ.

"ಅಳಿಸಿದ್ರೆ ಗಂಟೆ ಓಯ್ತವೆ ಕಣಕ್ಕ. ಪಬ್ಲಿಕ್ಕಲ್ಲಿ ಇದ್ರೆ ಮಾತ್ರ ಲೆಕ್ಕ. ಮತ್ತೆ ಮೂರೂವರೆ ಸಾವ್ರಕ್ಕೆ ಬತ್ತೀನಿ. ಅದ್ರಲ್ಲೂ ವರ್ಸ ಆದಂಗೆ ಹಳೇವು ದಿನಾ ಉದುರ್ತಾ ಓಯ್ತವೆ."

"ಓಗ್ಲಿ."

"ಒಂದ್ ತಿಂಗ್ಳು ಇರ್‍ಲಿ ಬುಡು. ಜಾಹೀರಾತು ಓಕೆ ಆಗೋಗಂಟ."

ಚಂದನ ಅವನಿಗೆ ಅದರ ಕೆಳಗಿನ ಕಮೆಂಟುಗಳನ್ನು ಓದಿ ಹೇಳಿದಳು. ಹೆಚ್ಚಿನವರು ಬೇಗ ಹುಷಾರಾಗು ಎಂದು ಬರೆದಿದ್ದರು. ಕೆಲವರು ಅವನು ಬೀಳುವ ನಿಮಿಷ ಯಾವುದೆಂದು ಗುರುತು ಹಾಕಿ, ನೇರವಾಗಿ ಅಲ್ಲಿಗೆ ಹೋಗಿ ಎಂದು ಬೇರೆಯವರಿಗೆ ತಿಳಿಸಿದ್ದರು. ಒಬ್ಬ ಕೇಳಿದ್ದ: ಮುಂದಿನದು ಯಾವತ್ತು, ಗಿಫ್ಟ್ ರೆಡಿ ಇಟ್ಕೊಂಡಿದೀನಿ.

ಗಗನ ಫೋನು ಕಸಿದುಕೊಂಡು ಆ ವಿಡಿಯೋ ಒತ್ತಿದ. ಅದುವರೆಗೆ ಅವನು ಅದನ್ನು ನೋಡಿರಲಿಲ್ಲ. ಅಕ್ಕ ಬೇಡವೆಂದರೂ ಕೇಳಲಿಲ್ಲ. ತನ್ನ ತಲೆ ಬಾಗುವುದನ್ನು ನೋಡಿದ, ಕೈ ಜಾರುವುದನ್ನು ನೋಡಿದ. ಮೊದಲ ಹಾರನ್ನಿಗೆ ಅವನು ಕೂತಲ್ಲೇ ಬೆಚ್ಚಿದ. ಎರಡನೆಯದು, ಮೂರನೆಯದು. ಗಡಿಯಾರ ಮೇಲಕ್ಕೇರುತ್ತಿತ್ತು. ಐದು ನೂರರ ಪಟ್ಟಿಯಲ್ಲಿ ಅಕ್ಕನ ಹೆಸರು ಬಂತು.

"ನೀನೂ ಹಾಕಿದ್ಯಾ?"

"ಇನ್ನೇನ್ಲಾ ಮಾಡ್ಲಿ. ಸುಮ್ನೆ ಬರೆದ್ರೆ ಯಾರೂ ನೋಡ್ನಿಲ್ಲ."

ಅವನು ವಿಡಿಯೋ ನಿಲ್ಲಿಸಿದ. ಒಳಗೆ ಮಂಗಳಮ್ಮ ಯಾರೊಂದಿಗೋ ಫೋನಿನಲ್ಲಿ, ಈಗ ಪರವಾಗಿಲ್ಲ ಕಣವ್ವ, ಉಣ್ತಾವ್ನೆ ಎನ್ನುತ್ತಿದ್ದರು. ಗಗನ ಚಾನೆಲ್ಲಿನ ಪುಟಕ್ಕೆ ಹೋಗಿ ಆ ವಿಡಿಯೋದ ಮುಂದಿನ ಮೂರು ಚುಕ್ಕಿ ಒತ್ತಿ, ಅಳಿಸು ಎಂಬುದನ್ನು ಆರಿಸಿದ. ಇದನ್ನು ಮರಳಿ ತರಲು ಆಗುವುದಿಲ್ಲ, ಅಳಿಸಲೇ ಎಂದು ಅದು ಕೇಳಿತು. ಒಪ್ಪಿದ.

ಅವತ್ತು ರಾತ್ರಿ ಅವನು ಅಪ್ಪನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ದುಡ್ಡು ಮುಂದಿನ ತಿಂಗಳು ಇಪ್ಪತ್ತೊಂದರ ಮೇಲೆ ಬರುತ್ತದೆ, ಅದು ಯಾವುದರಿಂದ ಬಂದದ್ದು ಎಂದು ನಿಮಗೆ ಗೊತ್ತು, ಆಸ್ಪತ್ರೆಯ ಬಿಲ್ಲಿಗೆ ಸರಿಹೋಗುತ್ತದೆ. ಗೊಬ್ಬರದ ಅಂಗಡಿ ಬಿಡುವುದಿಲ್ಲ, ಫ್ಯಾಕ್ಟರಿಗೂ ಅರ್ಜಿ ಹಾಕುತ್ತೇನೆ. ಲೈವ್ ಮಾತ್ರ ದಿನಕ್ಕೆ ಎರಡು ಗಂಟೆ ಮಾಡುತ್ತೇನೆ, ಉಂಡ ಮೇಲೆ. ಕರಿಯಪ್ಪ, "ಬಾಗ್ಲಿಗೆ ಚಿಲ್ಕ ಹಾಕ್‌ಬ್ಯಾಡ," ಎಂದರು.

ಹದಿನೈದು ದಿನದ ಮೇಲೆ ದೊಡ್ಡಿ ಎಕ್ಸ್‌ಪ್ರೆಸ್ ಮತ್ತೆ ಹೊರಟಿತು. ಗಗನ ಶುರುವಿನಲ್ಲೇ ತನ್ನ ಕಾಯಿಲೆಯ ಹೆಸರು ಹೇಳಿದ, ಗಡಿಯಾರ ಇನ್ನಿಲ್ಲ ಎಂದ, ಹಾರನ್ ತೆಗೆದಿದ್ದೇನೆ ಎಂದ. ಮೊದಲ ದಿನ ನಾನೂರು ಜನ ಬಂದಿದ್ದರು. ಏನೂ ಆಗುವುದಿಲ್ಲವೆಂದು ಖಾತ್ರಿಯಾದಂತೆ ಇಳಿಯುತ್ತ ಹೋದರು. ವಾರ ಕಳೆಯುವುದರೊಳಗೆ ಹದಿನೆಂಟು ಜನ. ಎರಡು ಗಂಟೆಗೆ ಮೂವತ್ತಾರು ಗಂಟೆ ಲೆಕ್ಕ. ಅಪ್ಪು ದಿನವೂ ಇರುತ್ತಿದ್ದ.

ಚಂದನ ಮೆಡಿಕಲ್ ಸ್ಟೋರಿನಿಂದ ಮನೆಗೆ ಹೋಗುವ ಬಸ್ಸಿನಲ್ಲಿ ಲೈವ್ ನೋಡುತ್ತಾಳೆ. ಈಗಲೂ ಗುರುತಿಲ್ಲದ ನಂಬರುಗಳಿಂದ ವಾರಕ್ಕೊಂದು ಕರೆ ಬರುತ್ತದೆ, ಅವಳು ಎತ್ತುವುದಿಲ್ಲ. ಒಂದು ಸಂಜೆ ಗಗನ ತಿರುವಿನಲ್ಲಿ ಬಸ್ಸು ನಿಲ್ಲಿಸಿ ಮಾತು ನಿಲ್ಲಿಸಿದ. ತಲೆ ಬಗ್ಗಿಸಿದ. ಒಂದು, ಎರಡು, ಮೂರು ಎಂದು ಅವಳು ಎಣಿಸತೊಡಗಿದಳು. ಏಳಕ್ಕೆ ಬಂದಾಗ ಅವನು ತಲೆ ಎತ್ತಿದ. ಕೈಯಲ್ಲಿ ಕೆಳಗೆ ಬಿದ್ದಿದ್ದ ಪೆನ್ನು ಇತ್ತು.

ಅವಳ ಬೆರಳು ಆಗಲೇ ಅಪ್ಪುವಿನ ನಂಬರಿನ ಮೇಲಿತ್ತು.